ಮಗು ನಿಲ್ಲದ ಮನೆಗೆ ನೋಡಲು ಹೋಗುವಾಗ

ಪ್ರಶ್ನೆ: ತಮ್ಮನ ಹೆಂಡತಿಗೆ ಹತ್ತನೇ ವಾರದ ಸ್ಕ್ಯಾನ್‌ನಲ್ಲಿ ಹಾರ್ಟ್ ಬೀಟ್ ಇಲ್ಲ, ಬೆಳವಣಿಗೆ ಎಂಟು ವಾರಕ್ಕೇ ನಿಂತಿದೆ ಅಂದ್ರು. ಮೂರು ದಿನದ ಹಿಂದೆ ಕ್ಲೀನಿಂಗ್ ಆಯ್ತು. ಸ್ಕ್ಯಾನ್‌ಗೆ ಐದು ದಿನ ಮೊದಲು ಮದುವೆಗೆ ಅಂತ ಶಿವಮೊಗ್ಗಕ್ಕೆ ಬಸ್ಸಲ್ಲಿ ಹೋಗಿದ್ದಳು, ಅದಕ್ಕೇ ಹೀಗಾಯ್ತು ಅಂತಾರೆ ಅಮ್ಮ. ನಾಳೆ ನೋಡೋಕೆ ಹೋಗ್ತಿದ್ದೀವಿ. ಏನು ಮಾತಾಡಬೇಕು?

ನಾಳೆ ಹೊರಡುವ ಮೊದಲು ಅಮ್ಮನ ಜೊತೆ ಒಂದು ಲೆಕ್ಕ ಮಾಡಿ. ಸ್ಕ್ಯಾನ್ ಆದದ್ದು ಹತ್ತನೇ ವಾರದಲ್ಲಿ, ಬೆಳವಣಿಗೆ ನಿಂತದ್ದು ಎಂಟಕ್ಕೆ. ಅಂದರೆ ಹೆಚ್ಚುಕಡಿಮೆ ಎರಡು ವಾರದ ಹಿಂದೆಯೇ ಎಲ್ಲ ಮುಗಿದಿತ್ತು. ಬಸ್ ಹತ್ತಿದ್ದು ಐದು ದಿನದ ಹಿಂದೆ. ಆ ಬಸ್ಸಿಗೂ ಇದಕ್ಕೂ ಸಂಬಂಧವೇ ಇಲ್ಲ. ಮೊದಲ ಮೂರು ತಿಂಗಳಲ್ಲಿ ಹೀಗಾಗುವುದರಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮಿನ ದೋಷವೇ ಕಾರಣ. ಅದು ಸಾಮಾನ್ಯವಾಗಿ ಗರ್ಭ ಕಟ್ಟುವ ಹೊತ್ತಿಗೇ ಆಗಿಹೋಗಿರುತ್ತದೆ. ಪ್ರಯಾಣ, ಮೆಟ್ಟಿಲು, ಗ್ರಹಣ ಯಾವುದೂ ಅದನ್ನು ತರುವುದಿಲ್ಲ. ಅಮ್ಮ ಒಪ್ಪದಿದ್ದರೂ ಚಿಂತೆಯಿಲ್ಲ, ಆ ಮಾತು ಅವಳ ಮುಂದೆ ಬರಬಾರದು ಅಷ್ಟೇ. ಏಕೆಂದರೆ ಅವಳು ಈಗಾಗಲೇ ರಾತ್ರಿಯೆಲ್ಲ ಅದನ್ನೇ ಎಣಿಸುತ್ತಿರುತ್ತಾಳೆ: ಬಸ್ಸಾ, ಪಪ್ಪಾಯನಾ, ಆ ದಿನ ಬಕೆಟ್ ಎತ್ತಿದ್ದಾ? ಹಿರಿಯರು ಒಂದು ಸಲ ಹೌದು ಅಂದುಬಿಟ್ಟರೆ ಡಾಕ್ಟರು ಹತ್ತು ಸಲ ಅಲ್ಲ ಅಂದರೂ ಅದು ಅಳಿಸುವುದಿಲ್ಲ.

ಇನ್ನೊಂದು ಎಡವಟ್ಟು ಆಸ್ಪತ್ರೆಯ ಚೀಟಿಯಿಂದ ಆಗುತ್ತದೆ. ಅದರಲ್ಲಿ ‘ಮಿಸ್ಡ್ ಅಬಾರ್ಷನ್’ ಅಂತ ಬರೆದಿರಬಹುದು. ತಾನಾಗಿಯೇ ನಿಂತುಹೋದ ಗರ್ಭಕ್ಕೂ ವೈದ್ಯರು ಬಳಸುವ ಪದ ಅದು. ಅದನ್ನು ಓದಿದ ಚಿಕ್ಕಮ್ಮನೋ ಅತ್ತೆಯೋ “ತೆಗೆಸಿದ್ರಂತಾ?” ಅಂದರೆ ಅದಕ್ಕಿಂತ ಕ್ರೂರವಾದ ಪ್ರಶ್ನೆ ಇಲ್ಲ. ನೀವು ಮಾತಾಡುವಾಗ “ಮಗು ನಿಲ್ಲಲಿಲ್ಲ” ಅನ್ನಿ, ಸಾಕು.

ಸಮಾಧಾನ ಅಂತ ಹೇಳುವ ಕೆಲವು ಮಾತುಗಳೂ ಚುಚ್ಚುತ್ತವೆ. “ಇನ್ನೂ ವಯಸ್ಸಿದೆ, ಮುಂದಿನ ವರ್ಷ ಆಗುತ್ತೆ” ಅಂದರೆ ಇವರಿಬ್ಬರು ಹೆಸರು ಯೋಚಿಸಿದ್ದ ಈ ಮಗು ಲೆಕ್ಕಕ್ಕಿಲ್ಲ ಅಂದಂತೆ. “ಇನ್ನೂ ರೂಪವೇ ಬಂದಿರಲಿಲ್ಲವಲ್ಲ” ಅನ್ನುವುದೂ ಹಾಗೆಯೇ. “ಆಗೋದೆಲ್ಲ ಒಳ್ಳೇದಕ್ಕೇ” ಬೇಡವೇ ಬೇಡ.

ಹೇಳಬೇಕಾದ್ದು ಚಿಕ್ಕದು. “ತುಂಬಾ ಬೇಜಾರಾಯ್ತಮ್ಮ. ನಿನ್ನಿಂದ ಏನೂ ತಪ್ಪಾಗಿಲ್ಲ. ಮಾತಾಡಬೇಕು ಅನ್ನಿಸಿದರೆ ಮಾತಾಡು, ಇಲ್ಲಾಂದ್ರೆ ಸುಮ್ಮನೆ ಕೂತಿರ್ತೀನಿ.” ಅತ್ತರೆ “ಅಳಬೇಡ” ಅನ್ನದೆ ಅಳಲು ಬಿಡಿ. ತಮ್ಮನನ್ನೂ ಮರೆಯಬೇಡಿ. ಎಲ್ಲರೂ ಅವನಿಗೆ “ಅವಳನ್ನ ನೋಡ್ಕೋ” ಅಂತಲೇ ಹೇಳಿರುತ್ತಾರೆ. “ನಿನಗೆ ಹೇಗಿದೆ?” ಅಂತ ಅವನನ್ನು ಬೇರೆಯಾಗಿ, ಸ್ಕೂಟರ್ ನಿಲ್ಲಿಸುವ ಜಾಗದಲ್ಲೋ ಮೆಡಿಕಲ್ ಶಾಪಿಗೆ ಹೋಗುವ ದಾರಿಯಲ್ಲೋ ಕೇಳಿ. ಗಂಡಸರು ಎದುರುಬದುರು ಕೂತರೆ ಬಾಯಿ ಬಿಡುವುದು ಕಡಿಮೆ.

“ಏನಾದ್ರೂ ಬೇಕಿದ್ರೆ ಹೇಳಿ” ಅಂದರೆ ಯಾರೂ ಏನೂ ಕೇಳುವುದಿಲ್ಲ. ಅದರ ಬದಲು “ಮಂಗಳವಾರ, ಶುಕ್ರವಾರ ಮಧ್ಯಾಹ್ನದ ಊಟ ನಮ್ಮನೆಯಿಂದ ಬರುತ್ತೆ” ಅನ್ನಿ. ಡಬ್ಬಿ ಕೊಟ್ಟು ಹದಿನೈದು ನಿಮಿಷಕ್ಕೆ ಎದ್ದು ಬನ್ನಿ. ಬಾಣಂತಿಗೆ ಅಂತ ನೀರು ಕಡಿಮೆ ಕೊಡುವ ಪದ್ಧತಿ ಬೇಡ, ಬಾಯಾರಿದಷ್ಟೂ ಕುಡಿಯಲಿ. ಒಂದೆರಡು ವಾರ ಸ್ವಲ್ಪ ಸ್ವಲ್ಪ ರಕ್ತ ಹೋಗುವುದು ಸಹಜ. ಆದರೆ ಗಂಟೆಗೆ ಎರಡು ಪ್ಯಾಡ್‌ನಂತೆ ಸತತ ಎರಡು ಗಂಟೆ ಪೂರ್ತಿ ನೆನೆದರೆ, 100.4 ಡಿಗ್ರಿ ದಾಟಿ ಜ್ವರ ಬಂದರೆ, ವಾಸನೆಯ ಸ್ರಾವವಿದ್ದರೆ ಅಥವಾ ತಲೆಸುತ್ತಿ ಬಿದ್ದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅವಳ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ ಆಗಿದೆಯಾ ಅಂತ ಇವತ್ತೇ ತಮ್ಮನನ್ನು ಕೇಳಿ. ಬೇಕಾದವರಿಗೆ ಅದನ್ನು ಕೊಡಬೇಕಾದದ್ದು 72 ಗಂಟೆಯೊಳಗೆ, ನಿಮಗೆ ಈಗಾಗಲೇ ಮೂರು ದಿನ. ಅವಳು ಕೆಲಸಕ್ಕೆ ಹೋಗುತ್ತಿದ್ದರೆ ಗರ್ಭಪಾತಕ್ಕೆ ಆರು ವಾರ ಸಂಬಳಸಹಿತ ರಜೆ ಕಾನೂನಿನಲ್ಲೇ ಇದೆ, 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು, ಆಸ್ಪತ್ರೆಯ ಪತ್ರ ಬೇಕು. ಆ ಓಡಾಟ ನೀವು ವಹಿಸಿಕೊಳ್ಳಬಹುದು.

ಬಂಧುಗಳಿಗೆ ತಿಳಿಸುವ ಕೆಲಸವನ್ನೂ ಅವರಿಬ್ಬರನ್ನು ಕೇಳಿಕೊಂಡು ನೀವೇ ಮಾಡಿ. ವಾಟ್ಸ್ಯಾಪ್‌ನಲ್ಲಿ ಇಷ್ಟೇ: “ಮಗು ನಿಲ್ಲಲಿಲ್ಲ. ಇಬ್ಬರೂ ವಿಶ್ರಾಂತಿಯಲ್ಲಿದ್ದಾರೆ. ಈಗ ಫೋನ್ ಮಾಡಬೇಡಿ, ಏನಿದ್ದರೂ ನನ್ನನ್ನು ಕೇಳಿ.” ತಾಯಿ ಕಾರ್ಡ್ ಮಾಡಿಸಿದ್ದರೆ ಆಶಾ ಕಾರ್ಯಕರ್ತೆಗೂ ಹೇಳಿ, ಇಲ್ಲವಾದರೆ ಚೆಕಪ್‌ಗೆ ಬನ್ನಿ ಅಂತ ತಿಂಗಳುಗಟ್ಟಲೆ ಫೋನ್ ಬರುತ್ತದೆ.

ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯಬೇಕು ಅನ್ನುವ ಮಾತು ಬಂದರೆ ಎರಡು ವಾರ ಕಾಯಬೇಡಿ, ಒಬ್ಬಳನ್ನೇ ಬಿಡಬೇಡಿ.

ಹೆರಿಗೆಗೆ ಕೊಟ್ಟಿದ್ದ ತಾರೀಖು ಇನ್ನು ಏಳು ತಿಂಗಳಿಗೆ ಬರುತ್ತದೆ. ಆಗ ಯಾರಿಗೂ ನೆನಪಿರುವುದಿಲ್ಲ, ಅವರಿಬ್ಬರಿಗೆ ಬಿಟ್ಟು. ನಿಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಆ ವಾರ ಒಮ್ಮೆ ಹೋಗಿ ಬನ್ನಿ. ಅಷ್ಟರೊಳಗೆ ಮನೆಯಲ್ಲಿ ಯಾರದಾದರೂ ಸೀಮಂತ ಬಂದರೆ, ಅಪಶಕುನ ಅಂತ ಅವಳನ್ನು ಕರೆಯದೆ ಬಿಡಬೇಡಿ. ಕರೆದು, ಮೆಲ್ಲಗೆ ಇಷ್ಟು ಹೇಳಿ: “ಬಂದರೆ ಸಂತೋಷ. ಬರೋಕಾಗದಿದ್ರೆ ಯಾಕೆ ಅಂತ ಯಾರೂ ಕೇಳದ ಹಾಗೆ ನಾನು ನೋಡ್ಕೋತೀನಿ.”