ಅಕ್ಕನ ಗೋಧಿ, ತಮ್ಮನ ಗೋಧಿ

(ಇಬ್ಬರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿದ್ದೇನೆ.)

"ಮೇಡಂ, ನನಗೆ ಗ್ಲುಟೆನ್ ಸೆನ್ಸಿಟಿವಿಟಿ ಇದೆ ಅಂದಿದ್ದಾರೆ. ಎಷ್ಟು ಕಟ್ಟುನಿಟ್ಟಾಗಿರಬೇಕು ಅಂತ ಕೇಳೋಣ ಅಂತ ಬಂದೆ."

34 ವರ್ಷದ ಆಕೆ ಕೂತ ಕೂಡಲೇ ಹೇಳಿದ್ದು ಇಷ್ಟು. ಎರಡು ವರ್ಷದಿಂದ ಹೊಟ್ಟೆಯುಬ್ಬರ, ಆಗಾಗ ಭೇದಿ, ಮೆಟ್ಟಿಲು ಹತ್ತಿದರೆ ಏದುಸಿರು. ಯಾರದೋ ಮಾತು ಕೇಳಿ ಗೋಧಿ ಬಿಟ್ಟರಂತೆ. ಮೂರೇ ವಾರದಲ್ಲಿ ಹೊಟ್ಟೆ ಹಗುರಾಯಿತು. ಗೋಧಿ ಬಿಟ್ಟ ಐದನೇ ತಿಂಗಳಲ್ಲಿ, ಗ್ಲುಟೆನ್ ತಿಂದರೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ ಮಾಡಿಸಿದಾಗ ನೆಗೆಟಿವ್ ಬಂತು. ಕಾಯಿಲೆ ಇಲ್ಲ, ಆದರೂ ಗೋಧಿ ಆಗುವುದಿಲ್ಲ, ಹಾಗಾದರೆ ಇದು ಸೆನ್ಸಿಟಿವಿಟಿ ಎಂದು ಲೆಕ್ಕ ಮುಗಿದಿತ್ತು.

ನನ್ನ ಕಣ್ಣು ನಿಂತದ್ದು ಅವರು ತಂದ ಇನ್ನೊಂದು ವರದಿಯ ಮೇಲೆ. ಹಿಮೋಗ್ಲೋಬಿನ್ 9.6, ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ 6, ಎರಡೂ ಕಡಿಮೆ. ಒಂದು ವರ್ಷ ಕಬ್ಬಿಣದ ಮಾತ್ರೆ ನುಂಗಿದ ಮೇಲಿನ ಅಂಕಿ ಇದು. ಮುಟ್ಟಿನ ರಕ್ತಸ್ರಾವ ಹೆಚ್ಚಿಲ್ಲ ಎಂದರು. ಹೊಟ್ಟೆಯುಬ್ಬರವನ್ನು ಸೆನ್ಸಿಟಿವಿಟಿ ವಿವರಿಸಬಲ್ಲದು. ನುಂಗಿದ ಕಬ್ಬಿಣ ರಕ್ತ ಸೇರದೆ ಹೋಗುವುದನ್ನು ವಿವರಿಸಲಾರದು. ಕಬ್ಬಿಣ ಹೀರಿಕೊಳ್ಳುವ ಜಾಗ ಸಣ್ಣಕರುಳಿನ ಮೊದಲ ಭಾಗ, ಸೀಲಿಯಾಕ್ ಮೊದಲು ಕೆಡಿಸುವುದೂ ಅದೇ ಜಾಗವನ್ನು.

ನಾನು ಒಂದೇ ಪ್ರಶ್ನೆ ಕೇಳಿದೆ: "ರಕ್ತ ಕೊಟ್ಟ ದಿನಗಳಲ್ಲಿ ಗೋಧಿ ತಿಂತಿದ್ರಾ?"

"ಇಲ್ಲ ಮೇಡಂ, ಬಿಟ್ಟೇ ಐದು ತಿಂಗಳಾಗಿತ್ತಲ್ಲ."

ಎಡವಟ್ಟಾದದ್ದು ಇಲ್ಲೇ. ಇದನ್ನು ಅವರಿಗೆ ಬಿಡಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು.

ಗೋಧಿ ಹಿಟ್ಟನ್ನು ಕಲಸಿ ಆ ಮುದ್ದೆಯನ್ನು ನೀರಲ್ಲಿ ತೊಳೆಯುತ್ತಾ ಹೋದರೆ ಪಿಷ್ಟವೆಲ್ಲ ಬೆಳ್ಳಗೆ ಹರಿದುಹೋಗಿ ಕೈಯಲ್ಲಿ ರಬ್ಬರಿನಂಥ ಅಂಟು ಉಳಿಯುತ್ತದೆ. ಅದೇ ಗ್ಲುಟೆನ್. ಗೋಧಿಯಲ್ಲಿ ಅದರ ತೊಂದರೆ ಕೊಡುವ ಭಾಗಕ್ಕೆ ಗ್ಲಯಾಡಿನ್ ಎನ್ನುತ್ತಾರೆ. ಬಾರ್ಲಿಯಲ್ಲಿ ಅದರ ದಾಯಾದಿ ಹಾರ್ಡಿನ್, ರೈ ಧಾನ್ಯದಲ್ಲಿ ಸೆಕಾಲಿನ್. ಈ ಪ್ರೋಟೀನುಗಳನ್ನು ನಮ್ಮ ಜೀರ್ಣರಸಗಳು ಪೂರ್ತಿ ಕತ್ತರಿಸಲಾರವು, ಉದ್ದುದ್ದ ತುಣುಕುಗಳು ಉಳಿದುಬಿಡುತ್ತವೆ. ಹೆಚ್ಚಿನವರಲ್ಲಿ ಅವು ಸುಮ್ಮನೆ ಹೊರಗೆ ಹೋಗುತ್ತವೆ. ಸೀಲಿಯಾಕ್ ಇರುವವರಲ್ಲಿ ಅವು ಕರುಳಿನ ಗೋಡೆಯೊಳಗೆ ಸೇರುತ್ತವೆ. ಅಲ್ಲಿ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವ ಅವುಗಳನ್ನು ಸ್ವಲ್ಪ ಮಾರ್ಪಡಿಸುತ್ತದೆ. ಹಾಗೆ ಮಾರ್ಪಟ್ಟ ತುಣುಕನ್ನು ಕಂಡ ರೋಗನಿರೋಧಕ ವ್ಯವಸ್ಥೆ ಶತ್ರು ಬಂತೆಂದು ದಾಳಿಗಿಳಿಯುತ್ತದೆ. ಆ ದಾಳಿಯಲ್ಲಿ ಪೆಟ್ಟು ಬೀಳುವುದು ಕರುಳಿನ ಒಳಮೈಯ ಬೆರಳಿನಂಥ ಎಳೆಗಳಿಗೆ. ಮಖಮಲ್ಲಿನಂತಿದ್ದ ಗೋಡೆ ಸವೆದು ಚಪ್ಪಟೆಯಾಗುತ್ತದೆ. ಇದೇ ಹೊತ್ತಿಗೆ ದೇಹ ತನ್ನದೇ ಕಿಣ್ವದ ವಿರುದ್ಧ ಪ್ರತಿಕಾಯಗಳನ್ನೂ ತಯಾರಿಸುತ್ತದೆ. ಟಿಟಿಜಿ ಐಜಿಎ ಎಂಬ ರಕ್ತಪರೀಕ್ಷೆ ಹುಡುಕುವುದು ಅವುಗಳನ್ನೇ.

ಗ್ಲುಟೆನ್ ಬರುವುದು ನಿಂತರೆ ದಾಳಿಯೂ ತಣ್ಣಗಾಗುತ್ತದೆ, ಪ್ರತಿಕಾಯಗಳು ತಿಂಗಳಿಂದ ತಿಂಗಳಿಗೆ ಇಳಿಯುತ್ತವೆ. ಐದು ತಿಂಗಳು ಬಿಟ್ಟವರ ಪರೀಕ್ಷೆ ನೆಗೆಟಿವ್ ಬಂದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಆಕೆ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, "ಅಂದ್ರೆ ನಾನು ಪರೀಕ್ಷೆ ಮಾಡಿಸಿಯೂ ಮಾಡಿಸದ ಹಾಗೇ ಆಯ್ತಾ?" ಎಂದರು. ಹೌದು ಎಂದೆ.

ಇನ್ನೊಂದು ವಿಷಯವೂ ಸಿಕ್ಕಿತು. ಗೋಧಿ ಬಿಟ್ಟಿದ್ದರೇ ಹೊರತು ರಾತ್ರಿ ಮಲಗುವ ಮುಂಚೆ ಕುಡಿಯುವ ಮಾಲ್ಟ್ ಪುಡಿಯ ಹಾಲನ್ನು ಬಿಟ್ಟಿರಲಿಲ್ಲ. ಮಾಲ್ಟ್ ಎಂದರೆ ಬಹುತೇಕ ಮೊಳಕೆ ಬರಿಸಿದ ಬಾರ್ಲಿ. ಡಬ್ಬಿಯ ಮೇಲೆ 'ಗೋಧಿ' ಎಂಬ ಪದ ಹುಡುಕಿ, ಇಲ್ಲವೆಂದು ನೆಮ್ಮದಿಯಿಂದ ಇದ್ದರು. ಈ ತಪ್ಪನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ.

ಅವರ ಜಠರರೋಗ ತಜ್ಞರಿಗೆ ಪತ್ರ ಬರೆದೆ. ಅವರು ಮೊದಲು ಎಚ್‌ಎಲ್‌ಎ ಜೀನ್ ಪರೀಕ್ಷೆ ಮಾಡಿಸಿದರು. ಈ ಪರೀಕ್ಷೆಗೆ ಗೋಧಿ ತಿನ್ನುತ್ತಿರಲೇಬೇಕು ಎಂದಿಲ್ಲ. ಸೀಲಿಯಾಕ್ ಇರುವ ಹೆಚ್ಚುಕಡಿಮೆ ಎಲ್ಲರಲ್ಲೂ ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ಜೀನ್ ರೂಪ ಇರುತ್ತದೆ. ಆದರೆ ಆರೋಗ್ಯವಂತರಲ್ಲೂ ಶೇಕಡ 30–40 ಜನರಿಗೆ ಅದು ಇರುತ್ತದೆ. ಹಾಗಾಗಿ ಅದು ಇಲ್ಲ ಎಂದರೆ ಕಾಯಿಲೆಯನ್ನು ಬಹುತೇಕ ಪಕ್ಕಕ್ಕಿಡಬಹುದು, ಇದೆ ಎಂದಮಾತ್ರಕ್ಕೆ ಕಾಯಿಲೆ ಇದೆ ಎನ್ನಲಾಗದು. ಈಕೆಗೆ ಡಿಕ್ಯೂ2 ಇತ್ತು. ಬಾಗಿಲು ಮುಚ್ಚಲಿಲ್ಲ.

ಉಳಿದ ದಾರಿ ಮತ್ತೆ ಗ್ಲುಟೆನ್ ತಿಂದು ಪರೀಕ್ಷೆ ಮಾಡಿಸುವುದು. "ಬಿಟ್ಟಿದ್ದರಿಂದ ಚೆನ್ನಾಗಿದ್ದೀನಿ, ಮತ್ತೆ ಯಾಕೆ ತಿನ್ನಬೇಕು?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಬೇಡವೆಂದು ನಿರ್ಧರಿಸಿ ಜೀವನಪೂರ್ತಿ ಬಿಟ್ಟಿರುವವರೂ ಇದ್ದಾರೆ, ಅದನ್ನು ತಪ್ಪೆನ್ನಲಾರೆ. ಆದರೆ ಈಕೆಗೆ ನಾನು ಹೇಳಿದ್ದು ಹೀಗೆ: ಸೆನ್ಸಿಟಿವಿಟಿಯಾದರೆ ಒಂದು ತುಂಡು ಬ್ರೆಡ್ ತಿಂದು ಒಂದು ದಿನ ಒದ್ದಾಡಿದರೆ ಮುಗಿಯಿತು. ಸೀಲಿಯಾಕ್ ಆದರೆ ಚೂರುಪಾರು ಕೂಡ ಕರುಳನ್ನು ಕೆಡಿಸುತ್ತದೆ, ಮೂಳೆ ಸವೆಯುತ್ತದೆ, ಒಡಹುಟ್ಟಿದವರನ್ನೂ ಪರೀಕ್ಷಿಸಬೇಕಾಗುತ್ತದೆ. ಯಾವುದೆಂದು ತಿಳಿಯದೆ ಎಷ್ಟು ಕಟ್ಟುನಿಟ್ಟು ಎಂದು ನಾನು ಹೇಗೆ ಹೇಳಲಿ?

ಒಪ್ಪಿದರು. ವೈದ್ಯರ ನಿಗಾದಲ್ಲಿ ದಿನಕ್ಕೆ ಕನಿಷ್ಠ 3 ಗ್ರಾಂ ಗ್ಲುಟೆನ್ ಎಂದು ಗೊತ್ತಾಯಿತು. ಒಂದು ಸ್ಲೈಸ್ ಬ್ರೆಡ್ಡಿನಲ್ಲಿ ಸುಮಾರು 2 ಗ್ರಾಂ ಇರುತ್ತದೆ, ಹಾಗಾಗಿ ಒಂದೂವರೆ ಸ್ಲೈಸ್. ಎರಡು ವಾರ ತಡೆದುಕೊಂಡರೆ ಎಂಟು ವಾರದವರೆಗೆ ಮುಂದುವರಿಸುವುದು. ನಾಲ್ಕನೇ ದಿನ ಭೇದಿ ಶುರುವಾಯಿತು. ಎರಡನೇ ವಾರದ ಕೊನೆಗೆ ಫೋನ್ ಮಾಡಿ ಅತ್ತರು. ಈಗಲೇ ನಿಲ್ಲಿಸಿ ಎಂಡೋಸ್ಕೋಪಿ ಮಾಡಿಸಬಹುದು, ಆದರೆ ರಕ್ತದ ಪ್ರತಿಕಾಯಗಳು ಏರಲು ಇಷ್ಟು ದಿನ ಸಾಲದೆ ಹೋಗಬಹುದು ಎಂದು ವೈದ್ಯರು ತಿಳಿಸಿದರು. ಆಕೆಯೇ ಮುಂದುವರಿಸುತ್ತೇನೆಂದರು.

ಎಂಟನೇ ವಾರ ಟಿಟಿಜಿ ಮಿತಿಯ ಆರು ಪಟ್ಟು ದಾಟಿತ್ತು. ಐಜಿಎ ಎಂಬ ಬಗೆಯ ಪ್ರತಿಕಾಯಗಳ ಒಟ್ಟು ಪ್ರಮಾಣವನ್ನೂ ಜೊತೆಗೆ ನೋಡಿದ್ದರು. ಅದು ಹುಟ್ಟಿನಿಂದಲೇ ಕಡಿಮೆ ಇರುವವರಲ್ಲಿ ಟಿಟಿಜಿ ಐಜಿಎ ಸುಳ್ಳು ನೆಗೆಟಿವ್ ತೋರಿಸಬಹುದು. ಈಕೆಗೆ ಸರಿಯಿತ್ತು. ಸಣ್ಣಕರುಳಿನ ಮೊದಲ ಭಾಗದ ಬೇರೆ ಬೇರೆ ಕಡೆಯಿಂದ ತೆಗೆದ ಬಯಾಪ್ಸಿ ಚೂರುಗಳಲ್ಲಿ ಎಳೆಗಳು ಸವೆದಿದ್ದವು. ಸೀಲಿಯಾಕ್ ಎಂದು ಖಚಿತವಾಯಿತು.

ಈಗ ಅವರ ಮೊದಲ ಪ್ರಶ್ನೆಗೆ ಉತ್ತರ ಕೊಡಬಹುದಿತ್ತು. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೊಟ್ಟೆಗೆ ಹೋದರೆ ಕರುಳಿಗೆ ಹಾನಿಯಾಗುವುದು ಅಧ್ಯಯನದಲ್ಲಿ ಕಂಡಿದೆ. ಅದು ಒಂದು ಸ್ಲೈಸಿನ ನಲವತ್ತನೇ ಒಂದು ಭಾಗ, ತಟ್ಟೆಯಂಚಿಗೆ ಅಂಟಿದ ಪುಡಿಯಷ್ಟು. ಆದ್ದರಿಂದ ಗೋಧಿ, ಬಾರ್ಲಿ, ರೈ ಮೂರನ್ನೂ ಬಿಡುವುದರ ಜೊತೆಗೆ ಹಿಟ್ಟು ಜರಡಿ, ಟೋಸ್ಟರ್, ಮರದ ಹಲಗೆ ಬೇರೆ ಇಟ್ಟುಕೊಳ್ಳಲು ಹೇಳಿದೆ. ಲೇಬಲ್ಲಿನಲ್ಲಿ 'ಗೋಧಿ' ಜೊತೆ 'ಬಾರ್ಲಿ', 'ಮಾಲ್ಟ್' ಕೂಡ ಹುಡುಕಬೇಕು. ಪೊಟ್ಟಣದ ಮೇಲೆ ಗ್ಲುಟೆನ್ ಮುಕ್ತ ಎಂದಿದ್ದರೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದೆಂಬುದು ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ.

ಒಡಹುಟ್ಟಿದವರಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ಇದೇ ಕಾಯಿಲೆ ಇರಬಹುದು. ಸಾಮಾನ್ಯ ಜನರಲ್ಲಿ ಅದು ನೂರಕ್ಕೆ ಒಬ್ಬರು. ಹಾಗಾಗಿ ತಮ್ಮನನ್ನು ಕರೆಸಿದೆ. 29ರ ಅವನಿಗೂ ಬ್ರೆಡ್ ತಿಂದರೆ ಹೊಟ್ಟೆ ಉಬ್ಬಿ ನೋಯುತ್ತಿತ್ತು. "ಅಕ್ಕನಿಗೆ ಇದ್ದ ಮೇಲೆ ನನಗೂ ಅದೇ ಮೇಡಂ" ಎಂದು ಆಗಲೇ ತೀರ್ಮಾನಿಸಿಬಿಟ್ಟಿದ್ದ. ಪುಣ್ಯಕ್ಕೆ ಬ್ರೆಡ್ ಇನ್ನೂ ಬಿಟ್ಟಿರಲಿಲ್ಲ. ಟಿಟಿಜಿ ನೆಗೆಟಿವ್, ಡಿಕ್ಯೂ2, ಡಿಕ್ಯೂ8 ಎರಡೂ ಇಲ್ಲ. ಗೋಧಿ ಅಲರ್ಜಿಯ ಪರೀಕ್ಷೆಯೂ ನೆಗೆಟಿವ್. ಹಿಮೋಗ್ಲೋಬಿನ್, ಫೆರಿಟಿನ್ ಚೆನ್ನಾಗಿದ್ದವು.

ಅವನ ನೋವು ಸುಳ್ಳಲ್ಲ. ಆದರೆ ಸೆನ್ಸಿಟಿವಿಟಿಗೆ ರಕ್ತಪರೀಕ್ಷೆಯಾಗಲಿ ಬಯಾಪ್ಸಿಯಾಗಲಿ ಇಲ್ಲ, ಉಳಿದದ್ದನ್ನೆಲ್ಲ ಬದಿಗೆ ಸರಿಸಿದ ಮೇಲೆ ಉಳಿಯುವ ಹೆಸರು ಅದು. ಅದರಲ್ಲೂ ತಪ್ಪು ಗ್ಲುಟೆನ್ನಿನದೇ ಎಂದು ಹೇಳಲಾಗದು. ಗೋಧಿ, ಬಾರ್ಲಿ, ರೈ ಮೂರರಲ್ಲೂ ಫ್ರಕ್ಟಾನ್ ಎಂಬ ಸಕ್ಕರೆ ಸರಪಳಿ ಇದೆ. ಅದನ್ನು ಸಣ್ಣಕರುಳು ಜೀರ್ಣಿಸದೆ ಮುಂದೆ ತಳ್ಳುತ್ತದೆ, ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಅನಿಲ ಮಾಡುತ್ತವೆ. 2018ರಲ್ಲಿ ಪ್ರಕಟವಾದ ನಾರ್ವೆಯ ಒಂದು ಪ್ರಯೋಗದಲ್ಲಿ, ತಮಗೆ ಗ್ಲುಟೆನ್ ಆಗದೆಂದು ಬಿಟ್ಟಿದ್ದ 59 ಜನರಿಗೆ ಯಾವುದರಲ್ಲಿ ಏನಿದೆ ಎಂದು ಹೇಳದೆ ತಿನಿಸು ಕೊಟ್ಟಾಗ, ಹೆಚ್ಚು ಉಬ್ಬರ ಮಾಡಿದ್ದು ಫ್ರಕ್ಟಾನ್, ಗ್ಲುಟೆನ್ ಅಲ್ಲ.

ತಮ್ಮನಿಗೂ ಹೀಗೇ ಒಂದು ಪರೀಕ್ಷೆ ಮಾಡಿದೆವು. ನಾಲ್ಕು ವಾರ ಮೂರೂ ಧಾನ್ಯ ಬಿಟ್ಟ, ಹೊಟ್ಟೆ ಸುಧಾರಿಸಿತು. ಆಮೇಲೆ ಅವನ ಗೆಳೆಯನೊಬ್ಬ ದಿನವೂ ಸೂಪು ಮಾಡಿ ಕೊಟ್ಟ. ಒಂದು ವಾರ ಅದರಲ್ಲಿ ಪಿಷ್ಟ ತೊಳೆದ ಗ್ಲುಟೆನ್ ಪುಡಿ, 8 ಗ್ರಾಂ ಗ್ಲುಟೆನ್ ಸಿಗುವಷ್ಟು. ಒಂದು ವಾರ ಬಿಡುವು. ಇನ್ನೊಂದು ವಾರ ಅಷ್ಟೇ ಮಂದವಾಗುವಂತೆ ಅಕ್ಕಿ ಹಿಟ್ಟು. ಯಾವುದು ಯಾವಾಗೆಂದು ತಮ್ಮನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ದಿನವೂ ಉಬ್ಬರಕ್ಕೆ ಹತ್ತರಲ್ಲಿ ಅಂಕ ಬರೆದಿಟ್ಟ. ಶೇಕಡ 30ರಷ್ಟಾದರೂ ವ್ಯತ್ಯಾಸ ಬಂದರೆ ಗ್ಲುಟೆನ್ ಎನ್ನೋಣ ಎಂದು ಮೊದಲೇ ಮಾತಾಗಿತ್ತು. ಎರಡು ವಾರದ ಅಂಕಗಳೂ ಹೆಚ್ಚುಕಡಿಮೆ ಒಂದೇ ಆಗಿದ್ದವು. ಮುಂದಿನ ತಿಂಗಳು ಈರುಳ್ಳಿ, ಬೆಳ್ಳುಳ್ಳಿ ಧಾರಾಳವಾಗಿ ತಿಂದ ದಿನ ಹೊಟ್ಟೆ ಹಳೆಯ ಹಾಗೇ ಉಬ್ಬಿತು. ಅವುಗಳಲ್ಲಿ ಗ್ಲುಟೆನ್ ಇಲ್ಲ, ಫ್ರಕ್ಟಾನ್ ಬೇಕಾದಷ್ಟಿದೆ.

ಅವನಿಗೆ ಕೊಟ್ಟ ಸಲಹೆ ಅಕ್ಕನ ಸಲಹೆಗೆ ತದ್ವಿರುದ್ಧ. ಗ್ಲುಟೆನ್ ಮುಕ್ತ ಪೊಟ್ಟಣ ಬೇಡ, ಜರಡಿ ಬೇರೆ ಬೇಡ, ಚೂರಿಗೆ ಹೆದರಬೇಡ. ಒಂದು ಸಲಕ್ಕೆ ತಿನ್ನುವ ಗೋಧಿ ಕಡಿಮೆ ಮಾಡು, ಬ್ರೆಡ್ ಬೇಕೆನಿಸಿದರೆ ಹುಳಿಹಿಟ್ಟು ಹಾಕಿ ಬಹಳ ಹೊತ್ತು ಹುದುಗಿಸಿದ್ದನ್ನು ತಿನ್ನು, ಹುದುಗುವಾಗ ಫ್ರಕ್ಟಾನ್ ಕರಗಿಹೋಗುತ್ತದೆ ಎಂದೆ. ಅದು ಅವನಿಗೆ ಚೆನ್ನಾಗಿ ಒಗ್ಗಿತು.

ಆರನೇ ತಿಂಗಳು ಅಕ್ಕ ಬಂದರು. ಹಿಮೋಗ್ಲೋಬಿನ್ 11.8ಕ್ಕೆ ಏರಿತ್ತು. ಟಿಟಿಜಿ ಮಾತ್ರ ಮೊದಲು ಇಳಿದು, ಮಿತಿಯ ಮೂರು ಪಟ್ಟಿಗೆ ಬಂದು ನಿಂತಿತ್ತು. ಊಟದ ಡೈರಿ ಸಾಲುಸಾಲಾಗಿ ಓದಿದೆವು, ಏನೂ ಸಿಗಲಿಲ್ಲ. ಹೊರಡುವಾಗ, "ತಮ್ಮ ತರುವ ಬ್ರೆಡ್ ಬರೆದಿಲ್ಲ ಮೇಡಂ, ಅದು ಹುದುಗಿಸಿದ್ದು, ತಿಂದರೆ ನನಗೆ ಏನೂ ಆಗಲ್ಲ" ಎಂದರು.

ಹುದುಗಿದಾಗ ಹೋಗುವುದು ಫ್ರಕ್ಟಾನ್. ಗ್ಲುಟೆನ್ ಸ್ವಲ್ಪ ಮುರಿದರೂ ಬಹುಪಾಲು ಉಳಿಯುತ್ತದೆ. ಹೊಟ್ಟೆ ನೋಯದಿದ್ದುದು ಕರುಳು ಕ್ಷೇಮವೆಂಬುದಕ್ಕೆ ಸಾಕ್ಷಿಯಲ್ಲ. ತಮ್ಮನಿಗೆ ಕೊಟ್ಟ ಸಲಹೆ ಅಕ್ಕನ ತಟ್ಟೆಗೆ ಹೋಗಬಹುದೆಂದು ನಾನೇ ಮುಂಚೆ ಯೋಚಿಸಬೇಕಿತ್ತು. ಆ ಸಂಜೆಯೇ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಎರಡು ಬೇರೆ ಹಾಳೆಗಳಲ್ಲಿ, ಎರಡು ಬೇರೆ ಹೆಸರುಗಳ ಕೆಳಗೆ, ಸಲಹೆ ಬರೆದುಕೊಟ್ಟೆ. ಆರು ತಿಂಗಳ ನಂತರ ಟಿಟಿಜಿ ಮಿತಿಯೊಳಗೆ ಬಂತು, ಫೆರಿಟಿನ್ 31 ಆಯಿತು. ಮೂಳೆ ಸಾಂದ್ರತೆಯ ಪರೀಕ್ಷೆಗೆ ಮುಂದಿನ ತಿಂಗಳು ದಿನ ಗೊತ್ತಾಗಿದೆ.