ಪ್ರಥಮ ಪಿಯುಸಿ ನಂತರ ಸಿಬಿಎಸ್‌ಇ 12ಕ್ಕೆ ಸೇರಿಸುವುದು ಹೇಗೆ?

ಪ್ರಶ್ನೆ: ಮಗ ಗದಗಿನಲ್ಲಿ ಪ್ರಥಮ ಪಿಯುಸಿ (ಪಿಸಿಎಂಎಸ್, ಕನ್ನಡ, ಇಂಗ್ಲಿಷ್) ಪಾಸಾಗಿದ್ದಾನೆ. ನನಗೆ ಧಾರವಾಡಕ್ಕೆ ವರ್ಗ ಆಗಿದೆ. ಅಲ್ಲಿ ಸಿಬಿಎಸ್‌ಇ 12ಕ್ಕೆ ಸೇರಿಸಬಹುದಾ? ಮೈಗ್ರೇಷನ್ ಸರ್ಟಿಫಿಕೇಟ್ ಎಲ್ಲಿ ಸಿಗುತ್ತದೆ?

ಸೇರಿಸಬಹುದು ಸರ್. ನಾನು ಹುಬ್ಬಳ್ಳಿಯ ಒಂದು ಶಾಲೆಯ ಆಫೀಸಿನಲ್ಲಿ ಅಡ್ಮಿಷನ್ ಕಾಗದ ನೋಡಿಕೊಳ್ಳುತ್ತೇನೆ. ನಿಮ್ಮ ಕೇಸಿನಲ್ಲಿ ಮೈಗ್ರೇಷನ್‌ಗಿಂತ ಪಿಸಿಎಂಎಸ್‌ನ ಆ ಕೊನೆಯ 'ಎಸ್', ಅಂದರೆ ಸ್ಟಾಟಿಸ್ಟಿಕ್ಸ್, ಜಾಸ್ತಿ ತಲೆನೋವು.

ಸಿಬಿಎಸ್‌ಇಯಲ್ಲಿ 11 ಮತ್ತು 12 ಸೇರಿ ಒಂದೇ ಕೋರ್ಸ್. ಹಾಗಾಗಿ ನೇರ 12ಕ್ಕೆ ಸುಮ್ನೆ ಸೇರಿಸಿಕೊಳ್ಳುವುದಿಲ್ಲ. ತಂದೆ-ತಾಯಿಗೆ ವರ್ಗವಾದರೆ, ಮನೆಯವರೆಲ್ಲ ಬೇರೆ ಊರಿಗೆ ಬಂದರೆ ಅವಕಾಶ ಇದೆ. ನಿಮ್ಮ ವರ್ಗಾವಣೆ ಆದೇಶವೇ ಇಲ್ಲಿ ಮುಖ್ಯ ಕಾಗದ, ಜೋಪಾನವಾಗಿಡಿ.

ಮೈಗ್ರೇಷನ್ ಸರ್ಟಿಫಿಕೇಟ್ ಬೋರ್ಡ್ ಪರೀಕ್ಷೆ ಪಾಸಾದವರಿಗೆ ಬೋರ್ಡ್ ಕೊಡುವಂಥದ್ದು. ಪ್ರಥಮ ಪಿಯುಸಿಗೆ ಅದು ಇರುವುದಿಲ್ಲ, ಕಾಲೇಜಿನಲ್ಲಿ ಕೇಳಿದರೆ ಅವರೂ ಕೈ ಎತ್ತುತ್ತಾರೆ. ಶಾಲೆಯವರು ಕೇಳಿದರೆ ಅವರಿಗೆ ಬೇಕಿರುವುದು ಎಸ್‌ಎಸ್‌ಎಲ್‌ಸಿಯ ಮೈಗ್ರೇಷನ್, ಅದನ್ನು ರಾಜ್ಯದ ಪರೀಕ್ಷಾ ಮಂಡಳಿಯಿಂದ ತರಿಸಿಕೊಳ್ಳಬೇಕು. ಪ್ರಥಮ ಪಿಯುಸಿಗೆ ಬೇಕಾದದ್ದು ಅಂಕಪಟ್ಟಿ ಮತ್ತು ಟಿಸಿ. ಟಿಸಿಗೆ ಪ್ರಿನ್ಸಿಪಾಲರ ಸಹಿ ಅಷ್ಟೇ ಸಾಲದು, ಗದಗಿನ ಪಿಯು ಉಪನಿರ್ದೇಶಕರ, ಅಂದರೆ ಡಿಡಿಪಿಯು ಕಚೇರಿಯ ಮೇಲು ಸಹಿ, ಸೀಲು ಎರಡೂ ಇರಬೇಕು. ಊರು ಬಿಡುವ ಮೊದಲೇ ಮಾಡಿಸಿಬಿಡಿ.

ಇನ್ನು ವಿಷಯಗಳು. ಸಿಬಿಎಸ್‌ಇಯಲ್ಲಿ ಸ್ಟಾಟಿಸ್ಟಿಕ್ಸ್ ಅಂತ ಪ್ರತ್ಯೇಕ ವಿಷಯವಿಲ್ಲ. 12ಕ್ಕೆ ಐದು ವಿಷಯ ಬೇಕು. ಇಂಗ್ಲಿಷ್, ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ ನಾಲ್ಕಾಯಿತು. ಐದನೆಯದಕ್ಕೆ ಕೆಲವು ಶಾಲೆಯವರು "ಫಿಜಿಕಲ್ ಎಜುಕೇಶನ್ ತಗೊಳ್ಳಿ, ಈಜಿ" ಎನ್ನುತ್ತಾರೆ. ಒಪ್ಪಬೇಡಿ. 11ರಲ್ಲಿ ಓದಿ ಪಾಸಾಗದ ವಿಷಯವನ್ನು 12ರ ಪರೀಕ್ಷೆಗೆ ಕೊಡುವಂತಿಲ್ಲ ಅನ್ನುವುದು ಬೋರ್ಡ್ ನಿಯಮ. ನಿಮ್ಮ ಮಗ ಓದಿದ್ದರಲ್ಲಿ ಉಳಿದದ್ದು ಕನ್ನಡ. ಅದು ಸಿಬಿಎಸ್‌ಇ 12ರಲ್ಲೂ ಇದೆ, ಹಾಗಾಗಿ ಅದೇ ಐದನೆಯದು. ಆದರೆ ಹಲವು ಸಿಬಿಎಸ್‌ಇ ಶಾಲೆಗಳಲ್ಲಿ 11-12ಕ್ಕೆ ಕನ್ನಡ ಇರುವುದಿಲ್ಲ. ಫೀಸು ಕಟ್ಟುವ ಮೊದಲು ಇದೊಂದನ್ನು ಕೇಳಿ.

ಅಡ್ಮಿಷನ್ ಆದ ಮೇಲೆ ಶಾಲೆಯವರು ಸಿಬಿಎಸ್‌ಇಯ ಬೆಂಗಳೂರು ಪ್ರಾದೇಶಿಕ ಕಚೇರಿಯಿಂದ ಮಂಜೂರಾತಿ ತರಬೇಕು. ತಂದರಾ ಅಂತ ನೀವೇ ವಿಚಾರಿಸುತ್ತಿರಿ. ಆಮೇಲೆ ಪರೀಕ್ಷೆಗೆ ಹೆಸರು ಕಳಿಸುವ ಪಟ್ಟಿಯಲ್ಲಿ ಮಗನ ಐದು ವಿಷಯವೂ ಕೋಡ್ ಸಮೇತ ಸರಿಯಾಗಿವೆಯೇ ನೋಡಿ: ಇಂಗ್ಲಿಷ್ ಕೋರ್ 301, ಗಣಿತ 041, ಭೌತಶಾಸ್ತ್ರ 042, ರಸಾಯನಶಾಸ್ತ್ರ 043, ಕನ್ನಡ 115.

ನನ್ನನ್ನು ಕೇಳಿದರೆ, ಧಾರವಾಡದಲ್ಲೇ ಪಿಸಿಎಂಎಸ್ ಇರುವ ಪಿಯು ಕಾಲೇಜಿನಲ್ಲಿ ಸೀಟು ಸಿಕ್ಕರೆ ಅದೇ ಸರಳ. ಬೋರ್ಡೂ ಬದಲಾಗಲ್ಲ, ಸ್ಟಾಟಿಸ್ಟಿಕ್ಸೂ ಉಳಿಯುತ್ತದೆ.