ಹಮಾಲಿ ಮಾಡೋ ಕೈಗೆ ಯಾವ ಸ್ಕ್ರೀನ್ ಲಾಕ್ ಸರಿ?

ಪ್ರಶ್ನೆ: ನಮ್ಮಪ್ಪ ದಾವಣಗೆರೆ ಎಪಿಎಂಸಿಯಲ್ಲಿ ಹಮಾಲಿ ಮಾಡ್ತಾರೆ. ಹೊಸ ಆಂಡ್ರಾಯ್ಡ್ ಫೋನ್ ಕೊಡಿಸಿದೀನಿ, ಯುಪಿಐ ಕೂಡ ಹಾಕಿದೀನಿ. ಬೆರಳು ಇಟ್ರೆ ಒಂದೊಂದ್ಸಲ ತಗೊಳ್ಳಲ್ಲ. ಪ್ಯಾಟರ್ನ್, ಪಿನ್, ಫಿಂಗರ್‌ಪ್ರಿಂಟ್, ಫೇಸ್, ಇದರಲ್ಲಿ ಯಾವುದು ಇಡಲಿ?

ಆರು ಅಂಕಿಯ ಪಿನ್ ಇಟ್ಟು, ಅದರ ಮೇಲೆ ಫಿಂಗರ್‌ಪ್ರಿಂಟ್ ಹಾಕಿ. ಫೇಸ್ ಬೇಡ.

ಮೊದಲು ಒಂದು ವಿಷಯ ತಿಳ್ಕೊಳ್ಳಿ. ಫಿಂಗರ್‌ಪ್ರಿಂಟಾಗಲಿ ಫೇಸಾಗಲಿ ಅದೊಂದನ್ನೇ ಇಡೋಕೆ ಬರಲ್ಲ, ಅಡಿಯಲ್ಲಿ ಪಿನ್ನೋ ಪ್ಯಾಟರ್ನೋ ಪಾಸ್‌ವರ್ಡೋ ಇರಲೇಬೇಕು. ಫೋನ್ ಆಫ್ ಮಾಡಿ ಆನ್ ಮಾಡಿದಾಗ, ಬೆರಳು ಮತ್ತೆ ಮತ್ತೆ ತಪ್ಪಿದಾಗ, ಮೂರು ದಿನ ಬರೀ ಬೆರಳಲ್ಲೇ ತೆಗೆದಾಗ, ಫೋನ್ ಕೇಳೋದು ಆ ಅಡಿಯ ಲಾಕನ್ನೇ. ಹೊಸ ಬೆರಳು ಸೇರಿಸೋಕೂ ಅದೇ ಸಾಕು. ಪಿನ್ ನೋಡ್ಕೊಂಡವನು ತನ್ನ ಬೆರಳನ್ನೇ ನಿಮ್ಮಪ್ಪನ ಫೋನಿಗೆ ಸೇರಿಸಿಕೊಳ್ಳಬಹುದು. ಅದಕ್ಕೇ ಪಿನ್ನಾ ಪ್ಯಾಟರ್ನಾ ಅನ್ನೋದೇ ಇಲ್ಲಿ ನಿಜವಾದ ಆಯ್ಕೆ.

ಪ್ಯಾಟರ್ನಿನ ತೊಂದರೆ ಅದು ಕಣ್ಣಿಗೆ ಬೀಳೋದು. ಸಿಟಿ ಬಸ್ಸಲ್ಲಿ ಪಕ್ಕ ನಿಂತವನಿಗೆ ಒಂದು ಸಲ ಗೆರೆ ಎಳೆದದ್ದು ಕಂಡ್ರೆ ಅದರ ಆಕಾರ ತಲೇಲಿ ಉಳಿಯುತ್ತೆ. ಆರು ಅಂಕಿ ಅಷ್ಟು ಸುಲಭಕ್ಕೆ ಉಳಿಯಲ್ಲ. ಎಣ್ಣೆ, ಬೆವರಿನ ಬೆರಳಲ್ಲಿ ಎಳೆದ ಗೆರೆ ಗಾಜಿನ ಮೇಲೂ ಕೂತಿರುತ್ತೆ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಗೊತ್ತಾಗುತ್ತೆ. ನಾಲ್ಕೇ ಚುಕ್ಕೆಯ ಪ್ಯಾಟರ್ನುಗಳು ಇರೋದು ಒಟ್ಟು 1,624. ನಾಲ್ಕಂಕಿ ಪಿನ್ 10,000, ಆರಂಕಿ ಹತ್ತು ಲಕ್ಷ. ಆದ್ರೆ ಪಿನ್ ಹುಟ್ಟಿದ ತಾರೀಖೋ, ಗಾಡಿ ನಂಬರೋ, 123456 ಓ ಆಗಿದ್ರೆ ಈ ಲೆಕ್ಕಕ್ಕೆ ಬೆಲೆ ಇಲ್ಲ. ಯುಪಿಐ ಪಿನ್ನನ್ನೇ ಇಲ್ಲೂ ಇಡಬೇಡಿ. ಫೋನ್ ತೆಗೆದವನಿಗೂ ದುಡ್ಡಿಗೂ ಮಧ್ಯೆ ಇರೋ ಇನ್ನೊಂದು ಬಾಗಿಲು ಅದು.

ಅಪ್ಪನಿಗೆ ಅಂಕಿ ನೆನಪಿರಲ್ಲ, ಪ್ಯಾಟರ್ನೇ ರೂಢಿ ಅಂದ್ರೆ ಜಗಳ ಬೇಡ. ಕನಿಷ್ಠ ಏಳು ಚುಕ್ಕೆ ಇರಲಿ, ಮೂಲೆಯಿಂದ ಶುರು ಮಾಡೋದು ಬೇಡ, ಮತ್ತೆ ಸೆಟ್ಟಿಂಗ್ಸಲ್ಲಿ `Make pattern visible` ಆಫ್ ಮಾಡಿ. ಗೆರೆ ಕಾಣದಿದ್ರೆ ಪಕ್ಕದವನಿಗೆ ಹಿಡಿಯೋದು ಕಷ್ಟ.

ಇನ್ನು ಬೆರಳು ತಗೊಳ್ಳದಿರೋದು. ಚೀಲದ ಗೋಣಿ ದಿನಾ ಉಜ್ಜಿ ಹೆಬ್ಬೆರಳು, ತೋರುಬೆರಳಿನ ಗೆರೆ ಸವೆದಿರುತ್ತೆ. ಜೊತೆಗೆ ಧೂಳು, ಒಣ ಚರ್ಮ. ಸೆನ್ಸಾರಿಗೆ ಬೇಕಾಗಿರೋದು ಆ ಗೆರೆಗಳ ಏರಿಳಿತ, ಅದು ಸಿಗದಿದ್ರೆ ಫೋನ್ ಬೇರೆಯವರ ಬೆರಳು ಅನ್ಕೊಳ್ಳುತ್ತೆ. ಈಗ ಹಾಕಿರೋ ಬೆರಳು ಅಳಿಸಿ ಹೊಸದಾಗಿ ಶುರು ಮಾಡಿ. ಎಡಗೈಯ ಉಂಗುರ ಬೆರಳು ಅಥವಾ ಕಿರುಬೆರಳು ನೋಡಿ, ಯಾವುದರಲ್ಲಿ ಗೆರೆ ಎದ್ದು ಕಾಣುತ್ತೋ ಅದು. ರಾತ್ರಿ ಕೈ ತೊಳೆದು ಒರೆಸಿ, ತೆಳ್ಳಗೆ ಕೊಬ್ಬರಿ ಎಣ್ಣೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಪೂರ್ತಿ ಒರೆಸಿ, ಆಮೇಲೆ ನೋಂದಾಯಿಸಿ. ಜಿಡ್ಡು ಉಳಿದ್ರೆ ಮತ್ತೆ ತಪ್ಪುತ್ತೆ. ಮಾರನೇ ದಿನ ಕೆಲಸ ಮುಗಿದ ಕೈಯಲ್ಲಿ, ಧೂಳು ಒರೆಸಿಕೊಂಡು, ಅದೇ ಬೆರಳನ್ನ ಎರಡನೇ ಬೆರಳು ಅಂತ ಇನ್ನೊಂದು ಸಲ ಹಾಕಿ. ಕೆಲವು ಫೋನ್ ಇದು ಆಗಲೇ ಇದೆ ಅಂತ ಬೇಡ ಅನ್ನುತ್ತೆ, ಆಗ ಇನ್ನೊಂದು ಬೆರಳು ಹಾಕಿ. ಸೆನ್ಸಾರ್ ಸ್ಕ್ರೀನ್ ಒಳಗಿದ್ರೆ ಟೆಂಪರ್ಡ್ ಗ್ಲಾಸ್ ಅಂಟಿಸಿದ ಮೇಲೇ ನೋಂದಾಯಿಸಿ. ಗ್ಲಾಸ್ ಬದಲಿಸಿದ್ರೆ ಬೆರಳೂ ಹೊಸದಾಗಿ ಹಾಕಬೇಕು.

ಫೇಸ್ ಬೇಡ ಅಂದಿದ್ದು ಈ ಬೆಲೆಯ ಫೋನುಗಳ ಮಾತು. ಇವು ಬರೀ ಮುಂದಿನ ಕ್ಯಾಮೆರಾದ ಚಿತ್ರ ನೋಡುತ್ತೆ, ಆಳ ಅಳೆಯಲ್ಲ. ಕೆಲವು ಚೆನ್ನಾಗಿರೋ ಫೋಟೋಕ್ಕೂ ತೆಗೆಯುತ್ತೆ, ಮಲಗಿದವರ ಮುಖಕ್ಕೆ ಹಿಡಿದ್ರೂ ತೆಗೆಯಬಹುದು. ಬೆಳಗಿನ ಜಾವದ ಕತ್ತಲಲ್ಲಿ ಯಾರ್ಡಿಗೆ ಹೋಗೋರಿಗೆ ಅದು ಕೆಲಸಕ್ಕೂ ಬರಲ್ಲ.

ಕೊನೆಗೆ, ಲಾಕ್ ಎಷ್ಟು ಗಟ್ಟಿ ಇದ್ರೂ ಓಟಿಪಿ ಎರಡು ಕಡೆ ಸೋರುತ್ತೆ. ಒಂದು, ಲಾಕ್ ಆದ ಸ್ಕ್ರೀನ್ ಮೇಲೇ ಮೆಸೇಜ್ ಕಾಣೋದು. ನೋಟಿಫಿಕೇಶನ್ ಸೆಟ್ಟಿಂಗ್ಸಲ್ಲಿ ಲಾಕ್ ಸ್ಕ್ರೀನಿಗೆ ಹೋಗಿ ಮೆಸೇಜಿನ ಒಳಗಿನದ್ದು ಕಾಣದ ಹಾಗೆ ಮಾಡಿ. ಇನ್ನೊಂದು, ಕದ್ದವನು ಸಿಮ್ ಕಿತ್ತು ತನ್ನ ಫೋನಿಗೆ ಹಾಕೋದು. ಅದಕ್ಕೆ ಸಿಮ್ ಲಾಕ್ ಆನ್ ಮಾಡಿ. ಮೊದಲು ಕಂಪನಿ ಕೊಟ್ಟ ಸಿಮ್ ಪಿನ್ ಹಾಕಬೇಕು, ಅದನ್ನ ಊಹೆ ಮಾಡಬೇಡಿ. ಮೂರು ಸಲ ತಪ್ಪಿದ್ರೆ ಸಿಮ್ ಲಾಕ್ ಆಗಿ, ಅದನ್ನ ಬಿಡಿಸೋ ಪಿಯುಕೆ ಅನ್ನೋ ಕೋಡ್ ಕೇಳುತ್ತೆ, ಅದೂ ಹತ್ತು ಸಲ ತಪ್ಪಿದ್ರೆ ಸಿಮ್ ಸತ್ತ ಹಾಗೇ. ಕಸ್ಟಮರ್ ಕೇರಿಗೆ ಫೋನ್ ಮಾಡಿ ಕೇಳ್ಕೊಂಡು ಆಮೇಲೆ ಹಾಕಿ, ಆನ್ ಆದ ತಕ್ಷಣ ಹೊಸ ಪಿನ್ ಬದಲಿಸಿ, ಮನೇಲಿ ಒಂದು ಕಡೆ ಬರೆದಿಡಿ.